ಫೆಬ್ರವರಿಯಲ್ಲಿ ಜಾರುವ ವಾಯಿದೆ

ಜನವರಿ 29ರಂದು ಬರೆದುಕೊಟ್ಟ ಹುಂಡಿಗೆ ಒಂದು ತಿಂಗಳ ವಾಯಿದೆ ಎಂದಿದ್ದರೆ ಅದು ತುಂಬುವುದು ಯಾವತ್ತು? ಫೆಬ್ರವರಿಗೆ 29 ಇಲ್ಲದ ವರ್ಷದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ. ಚೆಕ್ ಬೌನ್ಸ್ ಕೇಸುಗಳ ದೆಸೆಯಿಂದ ಎಲ್ಲರಿಗೂ ಹೆಸರು ಗೊತ್ತಿರುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಇದನ್ನು ತನ್ನ 23ನೇ ಕಲಮಿನಲ್ಲಿ ಬಗೆಹರಿಸಿದೆ. ತಿಂಗಳ ಲೆಕ್ಕದ ವಾಯಿದೆ ಅದೇ ತಾರೀಖಿಗೆ ತುಂಬುತ್ತದೆ. ಆ ತಿಂಗಳಲ್ಲಿ ಆ ತಾರೀಖೇ ಇಲ್ಲದಿದ್ದರೆ ತಿಂಗಳ ಕೊನೆಯ ದಿನಕ್ಕೆ ತುಂಬುತ್ತದೆ. ಕಾಯ್ದೆಯೇ ಕೊಟ್ಟಿರುವ ಉದಾಹರಣೆ 1878ರ ಜನವರಿ 29ರದು. ಅದರ ಅವಧಿ ಫೆಬ್ರವರಿ 28ಕ್ಕೆ ಮುಗಿಯುತ್ತದೆ, ಅದರ ಮೇಲೆ ರಿಯಾಯಿತಿಯ ಮೂರು ದಿನ ಸೇರುತ್ತವೆ.

ಎಕ್ಸೆಲ್‌ನ `EDATE` ಮಾಡುವುದೂ ಇದನ್ನೇ. ಒಂದು ತಾರೀಖು ಮತ್ತು ಎಷ್ಟು ತಿಂಗಳು ಎಂಬ ಸಂಖ್ಯೆ ಕೊಟ್ಟರೆ ಅಷ್ಟು ತಿಂಗಳ ಮುಂದಿನ ಅದೇ ತಾರೀಖನ್ನು ಹೇಳುತ್ತದೆ, ಆ ತಾರೀಖು ಇಲ್ಲದಿದ್ದರೆ ತಿಂಗಳ ಕೊನೆಗೆ ನಿಲ್ಲುತ್ತದೆ. ಎಕ್ಸೆಲ್‌ನ ಕ್ಯಾಲೆಂಡರ್ 1900ರಿಂದ ಶುರುವಾಗುವುದರಿಂದ 1878ರ ಹುಂಡಿಯನ್ನು ಅದರಲ್ಲಿ ಹಾಕಿ ನೋಡುವಂತಿಲ್ಲ. 2025ನ್ನು ಹಾಕೋಣ.

```
=EDATE(DATE(2025,1,31),1)
```

ಉತ್ತರ 28-02-2025. ಜನವರಿ 28, 29, 30, 31 ಈ ನಾಲ್ಕರಲ್ಲಿ ಯಾವುದನ್ನು ಕೊಟ್ಟರೂ ಆ ವರ್ಷ ಇದೇ ಉತ್ತರ. ಮೊದಲ ಸಲ ಮಾಡುವವರಿಗೆ ಸೆಲ್‌ನಲ್ಲಿ ತಾರೀಖಿನ ಬದಲು 45716 ಎಂಬ ಸಂಖ್ಯೆ ಕಾಣಿಸಬಹುದು. ಅದು ತಪ್ಪಲ್ಲ, ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿಯೇ ಇಟ್ಟುಕೊಳ್ಳುತ್ತದೆ. ಸೆಲ್‌ನ ಫಾರ್ಮ್ಯಾಟನ್ನು ತಾರೀಖಿಗೆ ಬದಲಿಸಿದರೆ ಸರಿಯಾಗುತ್ತದೆ.

ಇದನ್ನು ಬಿಟ್ಟು ಜನವರಿ 31ಕ್ಕೆ ಸುಮ್ಮನೆ 30 ಕೂಡಿದರೆ ಮಾರ್ಚ್ 2 ಬರುತ್ತದೆ. `DATE` ಒಳಗೆ ತಿಂಗಳಿಗೆ ಒಂದು ಕೂಡಿಸಿದರೆ ಎಕ್ಸೆಲ್ ‘ಫೆಬ್ರವರಿ 31’ ಎಂದುಕೊಂಡು ಮಾರ್ಚ್ 3ಕ್ಕೆ ಹೋಗುತ್ತದೆ. ಎರಡರಲ್ಲೂ ಫೆಬ್ರವರಿಯ ಕಂತೇ ಮಾಯ. ಈ ತಪ್ಪು ಎದ್ದು ಕಾಣುವುದರಿಂದ ಯಾರಾದರೂ ಹಿಡಿಯುತ್ತಾರೆ. ಸುಲಭಕ್ಕೆ ಕಾಣದ ತಪ್ಪು ಬೇರೆಯೇ ಇದೆ, ಅದು `EDATE` ಬಳಸುವವರೇ ಮಾಡುವಂಥದ್ದು.

2025ರ ಜನವರಿ 31ರಂದು ಒಬ್ಬರಿಗೆ ಸಾಲ ಕೊಟ್ಟಿದ್ದಾರೆ, ತಿಂಗಳಿಗೊಂದರಂತೆ ಹನ್ನೆರಡು ಕಂತು ಎಂದುಕೊಳ್ಳಿ. ಸಾಲದ ತಾರೀಖು B1ರಲ್ಲಿದೆ. ಕಂತಿನ ಪಟ್ಟಿ ಮಾಡುವವರು B4ರಲ್ಲಿ `=EDATE(B1,1)` ಬರೆಯುತ್ತಾರೆ, B5ರಲ್ಲಿ `=EDATE(B4,1)` ಬರೆದು ಕೆಳಗಿನವರೆಗೆ ಎಳೆದುಬಿಡುತ್ತಾರೆ. ಮೊದಲ ಕಂತು ಫೆಬ್ರವರಿ 28, ಸರಿ. ಎರಡನೆಯದು ಮಾರ್ಚ್ 28. ಅಲ್ಲಿಂದ ಮುಂದೆ ಏಪ್ರಿಲ್ 28, ಮೇ 28, ಹೀಗೇ ಹೋಗಿ ಹನ್ನೆರಡನೆಯದು 2026ರ ಜನವರಿ 28ಕ್ಕೆ ನಿಲ್ಲುತ್ತದೆ. ಪ್ರತಿ ಸಾಲೂ ತನ್ನ ಮೇಲಿನ ಸಾಲನ್ನು ಮಾತ್ರ ನೋಡುತ್ತದೆ. ಮೂಲ ತಾರೀಖು 31 ಎಂಬುದು ಫೆಬ್ರವರಿಯಲ್ಲೇ ಕಳೆದುಹೋಯಿತು. ಸಾಲಗಾರ ಪತ್ರದಲ್ಲಿದ್ದಂತೆ ಮಾರ್ಚ್ 31ಕ್ಕೆ ದುಡ್ಡು ತಂದು ಕಟ್ಟಿದರೂ ಪಟ್ಟಿಯಲ್ಲಿ ಅವರು ಮೂರು ದಿನದ ಸುಸ್ತಿದಾರರು. ಸುಸ್ತಿಬಡ್ಡಿಯ ಕಾಲಂ ಆ ಪಟ್ಟಿಗೇ ಕಟ್ಟಿಕೊಂಡಿದ್ದರೆ, ಮಾಡದ ತಪ್ಪಿಗೆ ದಂಡ ಕಟ್ಟುವವರು ಅವರೇ. ತಾರೀಖಿನ ಫಾರ್ಮುಲಾವನ್ನು ಸಣ್ಣ ವಿಷಯವೆಂದು ನಾನು ಒಪ್ಪದಿರುವುದು ಇದಕ್ಕೇ.

ಇದಕ್ಕೆ ಪರಿಹಾರವೆಂದರೆ ಪ್ರತಿ ಕಂತನ್ನೂ ಸಾಲದ ತಾರೀಖಿನಿಂದಲೇ ಎಣಿಸುವುದು. A ಕಾಲಂನಲ್ಲಿ A4ರಿಂದ 1, 2, 3 ಎಂದು ಕಂತಿನ ಸಂಖ್ಯೆ ಬರೆದು, B4ರಲ್ಲಿ ಹೀಗೆ ಹಾಕಿ ಕೆಳಗೆ ಎಳೆಯಿರಿ:

```
=EDATE($B$1,A4)
```

ಡಾಲರ್ ಗುರುತು B1 ಅಲುಗದಂತೆ ಹಿಡಿದಿಡುತ್ತದೆ. ಈಗ ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30, ಮೇ 31 ಎಂದು ಬರುತ್ತದೆ, ಕೊನೆಯ ಕಂತು ಜನವರಿ 31. ಬೇರೆಯವರು ಮಾಡಿಟ್ಟ ಪಟ್ಟಿ ಕೈಗೆ ಬಂದರೆ ಫೆಬ್ರವರಿ ದಾಟಿದ ಮೇಲಿನ ಸಾಲನ್ನು ನೋಡಿ. ಸಾಲದ ತಾರೀಖು 29, 30 ಅಥವಾ 31 ಆಗಿದ್ದು, ಮಾರ್ಚ್‌ನಲ್ಲೂ 28 ಇದ್ದರೆ ಪಟ್ಟಿ ಜಾರಿದೆ ಎಂದೇ ಅರ್ಥ.

ಆದರೆ ಇಷ್ಟಕ್ಕೇ ಎಲ್ಲ ಸರಿಹೋಗುವುದಿಲ್ಲ. ಸಾಲ ಕೊಟ್ಟದ್ದು 2024ರ ನವೆಂಬರ್ 30ರಂದು ಎಂದಿಟ್ಟುಕೊಳ್ಳಿ. ಮೇಲಿನ ಫಾರ್ಮುಲಾ ಡಿಸೆಂಬರ್ 30, ಜನವರಿ 30, ಫೆಬ್ರವರಿ 28, ಮಾರ್ಚ್ 30 ಎನ್ನುತ್ತದೆ. ‘ಪ್ರತಿ ತಿಂಗಳು 30ಕ್ಕೆ’ ಎಂಬ ಕರಾರಾದರೆ ಇದು ಸರಿ. ‘ಪ್ರತಿ ತಿಂಗಳ ಕೊನೆಗೆ’ ಎಂಬ ಕರಾರಾದರೆ ಡಿಸೆಂಬರ್ 31, ಜನವರಿ 31, ಫೆಬ್ರವರಿ 28, ಮಾರ್ಚ್ 31 ಬರಬೇಕಿತ್ತು. ನವೆಂಬರ್ 30 ತಿಂಗಳ ಕೊನೆಯೂ ಹೌದು, ಬರೀ 30ನೇ ತಾರೀಖೂ ಹೌದು. ಕೊಟ್ಟವರ ಮನಸ್ಸಿನಲ್ಲಿ ಯಾವುದಿತ್ತೆಂದು `EDATE`ಗೆ ಹೇಗೆ ಗೊತ್ತಾಗಬೇಕು? ತಿಂಗಳ ಕೊನೆಯೇ ಬೇಕಾದಾಗ ಬಳಸಬೇಕಾದದ್ದು `EOMONTH`:

```
=EOMONTH($B$1,A4)
```

ಇದು ಶುರುವಿನ ತಾರೀಖು ತಿಂಗಳ ಯಾವ ದಿನ ಎಂದು ನೋಡುವುದೇ ಇಲ್ಲ, ಅಷ್ಟು ತಿಂಗಳ ಮುಂದಿನ ತಿಂಗಳ ಕೊನೆಯ ದಿನ ಕೊಡುತ್ತದೆ. ತಿಂಗಳ ಜಾಗದಲ್ಲಿ ಸೊನ್ನೆ ಹಾಕಿದರೆ ಅದೇ ತಿಂಗಳ ಕೊನೆ ಸಿಗುತ್ತದೆ. ಹಾಗಾಗಿ ಬಿಲ್ಲಿನ ಮುಂದಿನ ತಿಂಗಳ 20ನೇ ತಾರೀಖು ಬೇಕೆಂದರೆ `=EOMONTH(B1,0)+20` ಸಾಕು.

ಶುರುವಿನ ತಾರೀಖು ತಿಂಗಳ ಕೊನೆಯಾಗಿದ್ದರೆ `EOMONTH`, ಇಲ್ಲದಿದ್ದರೆ `EDATE` ಎಂದು ಎಕ್ಸೆಲ್‌ಗೇ ತೀರ್ಮಾನ ಬಿಡುವ ಫಾರ್ಮುಲಾವನ್ನೂ ಕೆಲವರು ಬರೆಯುತ್ತಾರೆ. ನನಗದು ಸರಿಕಾಣುವುದಿಲ್ಲ. 2025ರ ಫೆಬ್ರವರಿ 28ರಂದು ಸಾಲ ಪಡೆದು ‘ಪ್ರತಿ 28ಕ್ಕೆ’ ಎಂದು ಒಪ್ಪಿಕೊಂಡವರಿಗೆ ಆ ಫಾರ್ಮುಲಾ ಮಾರ್ಚ್ 31 ಎನ್ನುತ್ತದೆ. ಕರಾರು ಪತ್ರದಲ್ಲಿ ಏನಿದೆಯೋ ಅದನ್ನೇ B2ರಲ್ಲಿ ಬರೆದು, ಅದನ್ನು ನೋಡಿ ನಡೆಯುವಂತೆ ಮಾಡುವುದು ಮೇಲು:

```
=IF($B$2="ಮಾಸಾಂತ್ಯ",EOMONTH($B$1,A4),EDATE($B$1,A4))
```

ನಾಳೆ ತಕರಾರು ಬಂದರೆ ಯಾವ ಲೆಕ್ಕದ ಮೇಲೆ ಪಟ್ಟಿ ಆಯಿತೆಂಬುದು ಹಾಳೆಯ ನೆತ್ತಿಯಲ್ಲೇ ಇರುತ್ತದೆ.

ಇಷ್ಟೆಲ್ಲಾ ಸರಿಯಿದ್ದೂ ಉತ್ತರ ಕೆಟ್ಟರೆ ತಪ್ಪು ಹೆಚ್ಚಾಗಿ B1ರಲ್ಲೇ ಇರುತ್ತದೆ. ಕಂಪ್ಯೂಟರಿನ ತಾರೀಖಿನ ಕ್ರಮ ಅಮೆರಿಕದ್ದಾಗಿದ್ದರೆ, ಅಂದರೆ ತಿಂಗಳು ಮೊದಲು ಬರುವಂತಿದ್ದರೆ, 31/01/2025 ಎಂದು ಹೊಡೆದದ್ದು ಬರೀ ಅಕ್ಷರವಾಗಿ ಉಳಿದು `#VALUE!` ಬರುತ್ತದೆ. ಅದು ಪರವಾಗಿಲ್ಲ, ಕಣ್ಣಿಗೆ ಬೀಳುತ್ತದೆ. 05/06/2025 ಎಂದು ಹೊಡೆದರೆ ಜೂನ್ 5 ಹೋಗಿ ಸದ್ದಿಲ್ಲದೆ ಮೇ 6 ಆಗುತ್ತದೆ, ಇಡೀ ಪಟ್ಟಿ ಒಂದು ತಿಂಗಳು ಹಿಂದಕ್ಕೆ ಬರುತ್ತದೆ. ಶುರುವಿನ ತಾರೀಖನ್ನು ತಿಂಗಳ ಹೆಸರು ಕಾಣುವ ಫಾರ್ಮ್ಯಾಟಿನಲ್ಲಿಟ್ಟರೆ ಈ ಅಪಾಯ ಆ ಕ್ಷಣವೇ ಗೊತ್ತಾಗುತ್ತದೆ.

ಹುಂಡಿಯ ಲೆಕ್ಕ ಮಾಡುವವರಿಗೆ ಇನ್ನೊಂದು ಮಾತು. ರಿಯಾಯಿತಿಯ ಮೂರು ದಿನವನ್ನು ತಿಂಗಳು ಎಣಿಸಿದ ಮೇಲೆ ಕೂಡಬೇಕು: `=EDATE(B1,3)+3`. ಆಗಸ್ಟ್ 30ರ ಹುಂಡಿ, 31ರ ಹುಂಡಿ ಎರಡೂ ಮೂರು ತಿಂಗಳ ವಾಯಿದೆಗೆ ಡಿಸೆಂಬರ್ 3ಕ್ಕೇ ತುಂಬುತ್ತವೆ ಎಂದು ಕಾಯ್ದೆಯ ಉದಾಹರಣೆಗಳೂ ಹೇಳುತ್ತವೆ. ಆ ದಿನ ಸಾರ್ವಜನಿಕ ರಜೆಯಾದರೆ 25ನೇ ಕಲಮಿನಂತೆ ವಾಯಿದೆ ಹಿಂದಿನ ಕೆಲಸದ ದಿನಕ್ಕೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. `EDATE`ಗೆ ಭಾನುವಾರವೂ ಗೊತ್ತಿಲ್ಲ, ಹಬ್ಬವೂ ಗೊತ್ತಿಲ್ಲ. ಆ ಒಂದು ದಿನವನ್ನು ರಜೆಯ ಪಟ್ಟಿ ಹಿಡಿದು ನಾವೇ ನೋಡಿಕೊಳ್ಳಬೇಕು.