ಹಕ್ಕಳೆ ಕಂಡದ್ದು ಎಂಟನೇ ದಿನ

ಜನರಲ್ ಮೆಡಿಸಿನ್ ಪಿ.ಜಿ. ಓದುತ್ತಿರುವ ನನ್ನ ಕೈಗೆ ಮೇಡಂ ಒಂದು ದಪ್ಪ ಫೈಲ್ ಕೊಟ್ಟು, ‘ಇದನ್ನು ಕೇಸ್ ರಿಪೋರ್ಟ್ ಮಾಡಮ್ಮ’ ಎಂದರು. ಅಡಿಕೆ ತೋಟದ ಕೂಲಿ ಕೆಲಸಕ್ಕೆ ಹೋಗುವ, ನಲವತ್ತು ದಾಟಿದ ಮಹಿಳೆಯ ಫೈಲ್ ಅದು. ಕಾಯಿಲೆ ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿದಾಗ ಬರುವ ಜ್ವರ. ನಮ್ಮ ಕಡೆ ಇದು ಅಪರೂಪವೇನಲ್ಲ. ಹಾಗಾದರೆ ಜರ್ನಲ್‌ನವರು ಯಾಕೆ ಪ್ರಕಟಿಸಬೇಕು?

ಉತ್ತರ ಸಿಕ್ಕಿದ್ದು ನರ್ಸ್‌ಗಳು ಬರೆಯುವ ಹಾಳೆಯಲ್ಲಿ. ಮೈ ಒರೆಸುವಾಗ ಸಿಸ್ಟರ್ ಒಬ್ಬರು ಸ್ತನದ ಕೆಳಗಿನ ಮಡಿಕೆಯಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ನೋಡಿ, ಒಂದು ಸಾಲು ಬರೆದಿದ್ದರು. ನುಸಿ ಕಚ್ಚಿದ ಜಾಗ ಅದೇ. ನೋವಿಲ್ಲದ ಕಾರಣ ರೋಗಿಗೂ ಗೊತ್ತಿರಲಿಲ್ಲ.

ಇನ್ನು ಕೇಸ್ ವಿವರಣೆ. ಕ್ಯಾಶುವಾಲ್ಟಿ ಚೀಟಿಯಲ್ಲಿ ಜ್ವರ ಐದು ದಿನದಿಂದ ಎಂದಿದ್ದರೆ, ವಾರ್ಡಿನ ಹಾಳೆಯಲ್ಲಿ ಎಂಟು ದಿನ. ರೋಗಿಯನ್ನೇ ಕೇಳಿದೆ. ಸಂತೆಯ ಮರುದಿನ ಶುರುವಾಯಿತು ಎಂದರು. ಲೆಕ್ಕ ಹಾಕಿದರೆ ಐದೇ ಸರಿ. ಅದನ್ನು ‘ದಿನ 1’ ಮಾಡಿಕೊಂಡು, ತಾರೀಕುಗಳನ್ನೆಲ್ಲ ತೆಗೆದೆ. ದಿನ 6ಕ್ಕೆ ದಾಖಲು. ಡೆಂಗಿ, ಮಲೇರಿಯಾ ನೆಗೆಟಿವ್. ದಿನ 8ಕ್ಕೆ ಹಕ್ಕಳೆ ಕಂಡಿತು, ಅಂದೇ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಬಾರಿ. ದಿನ 10ಕ್ಕೆ ಜ್ವರ ಇಳಿಯಿತು. ರೋಗ ಖಚಿತಪಡಿಸಿದ ಐಜಿಎಂ ಎಲಿಸಾ ವರದಿ ಬಂದದ್ದು ದಿನ 11ಕ್ಕೆ. ಫೈಲಿನಲ್ಲಿ ಮಾತ್ರ ಆ ವರದಿಯನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ್ದರು! ಹಾಗೇ ಬರೆದರೆ ವೈದ್ಯರಿಗೆ ಮೊದಲ ದಿನವೇ ರೋಗ ಗೊತ್ತಿತ್ತು ಎಂದಾಗುತ್ತದೆ. ಯಾವ ದಿನ ಏನು ಗೊತ್ತಿತ್ತೋ ಅಷ್ಟೇ ಅಲ್ಲಿರಬೇಕು.

ಪೀಠಿಕೆಗೆ ಐದೇ ವಾಕ್ಯ ಸಾಕಾಯಿತು. ರೋಗದ ಚರಿತ್ರೆ ಯಾರಿಗೂ ಬೇಕಿಲ್ಲ. ಹಕ್ಕಳೆ ಮರೆಯಾದ ಜಾಗದಲ್ಲಿರಬಹುದು ಎಂಬಲ್ಲಿಗೆ ಓದುಗರನ್ನು ತಂದು ನಿಲ್ಲಿಸಿದರಾಯಿತು.

ಕಷ್ಟವಾದದ್ದು ಚರ್ಚೆಯ ಭಾಗ. ಇಲ್ಲಿ ಕೇಸನ್ನು ಮತ್ತೆ ಹೇಳುವುದಲ್ಲ, ಹಕ್ಕಳೆ ಎರಡು ದಿನ ಯಾಕೆ ಕಾಣಲಿಲ್ಲ ಎಂದು ಹೇಳಬೇಕು. ತುಂಬಿದ ವಾರ್ಡಿನಲ್ಲಿ ಪರದೆ ಎಳೆಯದೆ ಹೆಂಗಸರ ಮೈಯನ್ನು ಪೂರ್ತಿ ಪರೀಕ್ಷಿಸುವುದು ಆಗದ ಮಾತು. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಹೀಗೆ ಮುಚ್ಚಿದ ಜಾಗಗಳಲ್ಲೇ ನುಸಿ ಹೆಚ್ಚಾಗಿ ಕಚ್ಚುತ್ತದೆ. ಹಾಗೆಂದು ಹಕ್ಕಳೆ ಇಲ್ಲದಿದ್ದರೆ ಸ್ಕ್ರಬ್ ಟೈಫಸ್ ಅಲ್ಲ ಎನ್ನುವಂತಿಲ್ಲ. ಎಷ್ಟೋ ರೋಗಿಗಳಲ್ಲಿ ಅದು ಇರುವುದೇ ಇಲ್ಲ. ‘ಔಷಧದಿಂದ ವಾಸಿಯಾಯಿತು’ ಎಂಬ ಸಾಲನ್ನು ಮೇಡಂ ‘ಔಷಧ ಶುರುವಾದ ಎರಡು ದಿನಕ್ಕೆ ಜ್ವರ ಇಳಿಯಿತು’ ಎಂದು ಬದಲಿಸಿದರು. ಒಬ್ಬ ರೋಗಿಯಿಂದ ಅದಕ್ಕಿಂತ ಹೆಚ್ಚು ಹೇಳಲಾಗದು.

ಊರು, ಐ.ಪಿ. ನಂಬರ್ ಎಲ್ಲ ಅಳಿಸಿದ ಮೇಲೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ‘ಫೋಟೋದಾಗೆ ನಾನು ಅಂತ ಗೊತ್ತಾಗಲ್ಲ ತಾನೇ ಡಾಕ್ಟ್ರಮ್ಮ?’ ಎಂದು ಕೇಳಿದರು. ಮೂಲೆಯಲ್ಲಿ ತಾಳಿಯ ಗುಂಡು ಕಾಣುತ್ತಿತ್ತು. ಹಕ್ಕಳೆಯಷ್ಟೇ ಉಳಿಯುವಂತೆ ಫೋಟೋ ಕತ್ತರಿಸಿ ತೋರಿಸಿದ ಮೇಲೆ ಸಹಿ ಹಾಕಿದರು.