ಶಾಸನ ಕೋಷ್ಟಕಗಳ ದೀರ್ಘಕಾಲೀನ ಸಂರಕ್ಷಣೆ: ಸಿಎಸ್‌ವಿ, ಎಕ್ಸೆಲ್ ಮತ್ತು ಪಾರ್ಕೆ ಕಡತಗಳ ಆಯ್ಕೆ

ಚಿತ್ರದುರ್ಗ, ಕಿರುಬನಕಲ್ಲು ಮತ್ತು ಚೋಳಗುಡ್ಡ ಬೆಟ್ಟಗಳ ನಡುವಿನ ಕಣಿವೆಯಾದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಕೆರೆಯ ನಿರ್ಮಾಣವನ್ನು ಹೇಳುವ ಈ ಶಾಸನದ ಕೆಲವು ಅಕ್ಷರಗಳು ಸವೆದಿರುವುದರಿಂದ ಅದರ ಪಾಠದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಶಾಸನದಲ್ಲಿ ಕಾಲನಿರ್ದೇಶವಿಲ್ಲ, ಸಾಮಾನ್ಯವಾಗಿ ಅದನ್ನು ಕ್ರಿ.ಶ. 4ನೆಯ ಶತಮಾನಕ್ಕೆ ಸೇರಿಸಲಾಗುತ್ತದೆ. ಇಂತಹ ಶಾಸನವನ್ನು ಕೋಷ್ಟಕದ ಒಂದು ಸಾಲಾಗಿ ಬರೆದಿಡುವಾಗ ಆ ಅನಿಶ್ಚಿತತೆಯೂ ಉಳಿಯಬೇಕು. ಯಾವ ಬಗೆಯ ಕಡತದಲ್ಲಿ ಅದು ಉಳಿಯುತ್ತದೆ, ಯಾವುದರಲ್ಲಿ ಸದ್ದಿಲ್ಲದೆ ಅಳಿಯುತ್ತದೆ ಎಂಬುದೇ ಈ ಲೇಖನದ ವಿಚಾರ.

ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೆಯ ಸಂಪುಟ (1903) ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ಅದರಲ್ಲಿ ಕ್ರಮಾಂಕಗಳು ತಾಲ್ಲೂಕುವಾರಾಗಿವೆ. ಪ್ರತಿ ತಾಲ್ಲೂಕಿಗೂ ಎಣಿಕೆ ಒಂದರಿಂದ ಆರಂಭವಾಗುತ್ತದೆ. ವೀರಗಲ್ಲು, ತುರುಗಾಳಗ, ಕೆರೆ ಮತ್ತು ದತ್ತಿಗಳ ಉಲ್ಲೇಖಗಳನ್ನು ಮೌಖಿಕ ಕಾವ್ಯಗಳ ಸ್ಥಳನಾಮಗಳೊಡನೆ ಹೋಲಿಸಬಯಸುವ ಜಾನಪದ ಸಂಶೋಧಕರು ಇಂತಹ ಸಂಪುಟಗಳಿಂದ ಕೋಷ್ಟಕಗಳನ್ನು ಹೊರತೆಗೆದು ಇಟ್ಟುಕೊಳ್ಳುವುದು ವಾಡಿಕೆ. ಉದಾಹರಣೆಗೆ, ಸಂಶೋಧಕರೊಬ್ಬರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಿಗೆ ಒಂದೊಂದು ಹಾಳೆಯಂತೆ ನಾಲ್ಕು ಹಾಳೆಗಳ ಎಕ್ಸೆಲ್ ಕಡತವೊಂದನ್ನು ಸಿದ್ಧಪಡಿಸಿದ್ದಾರೆಂದು ಭಾವಿಸೋಣ. ಸಂಪುಟ ಮತ್ತು ಕ್ರಮಾಂಕವನ್ನು 11-4 ಎಂಬ ರೀತಿಯಲ್ಲಿ ಬರೆದಿದ್ದಾರೆ. ಸಂದೇಹಾಸ್ಪದ ಪಾಠಗಳಿಗೆ ಹಳದಿ ಬಣ್ಣ ತುಂಬಿದ್ದಾರೆ. ಇಪ್ಪತ್ತು ವರ್ಷಗಳ ನಂತರ ಗ್ರಂಥಾಲಯವೊಂದು ಈ ಕಡತವನ್ನು ತೆರೆದಾಗ ಏನೇನು ಉಳಿದಿರುತ್ತದೆ?

ಎಕ್ಸೆಲ್ ಕಡತದ ಗುಣ ಮತ್ತು ದೋಷ

ಎಕ್ಸೆಲ್‌ನ .xlsx ಕಡತವು ಗೂಢವಾದ ವಸ್ತುವಲ್ಲ. ಅದು ಎಕ್ಸ್‌ಎಂಎಲ್ ಪಠ್ಯಗಳನ್ನು ಒಟ್ಟುಗೂಡಿಸಿ ಕುಗ್ಗಿಸಿದ ಜಿಪ್ ಕಟ್ಟು. ಅದರ ರಚನೆ 2006ರಲ್ಲಿ ಇಸಿಎಂಎ ಮಾನಕವಾಗಿಯೂ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿಯೂ ಪ್ರಕಟವಾಗಿದೆ. ಕಡತವನ್ನು ತೆರೆಯಲಾಗದ ದಿನ ಬರುತ್ತದೆಂಬ ಭಯ ಅಷ್ಟಾಗಿ ಬೇಕಿಲ್ಲ. ನಿಜವಾದ ಅಪಾಯ ಬರೆಯುವ ಕ್ಷಣದಲ್ಲೇ ಇದೆ. ಕೋಶದಲ್ಲಿ 11-4 ಎಂದು ಟಂಕಿಸಿದೊಡನೆ ಎಕ್ಸೆಲ್ ಅದನ್ನು ದಿನಾಂಕವೆಂದು ತಿಳಿಯುತ್ತದೆ. 2024ರಲ್ಲಿ, ಭಾರತೀಯ ದಿನಾಂಕ ಕ್ರಮವಿರುವ ಗಣಕದಲ್ಲಿ ಹೀಗೆ ಬರೆದರೆ ಅದು ಏಪ್ರಿಲ್ 11 ಆಗುತ್ತದೆ. ಕಡತದೊಳಗೆ ಉಳಿಯುವುದು 45393 ಎಂಬ ಸಂಖ್ಯೆ. ಅಮೆರಿಕದ ಕ್ರಮವಿರುವ ಗಣಕದಲ್ಲಿ ಅದೇ ಬರಹ ನವೆಂಬರ್ 4 ಆಗಿ, 45600 ಎಂದು ದಾಖಲಾಗುತ್ತದೆ. ಎರಡರಲ್ಲಿಯೂ 11-4 ಎಂಬ ಮೂಲ ಬರಹ ಉಳಿದಿರುವುದಿಲ್ಲ.

ಇದು ಶಾಸನಾಧ್ಯಯನಕ್ಕೆ ಮಾತ್ರ ಬಂದ ತೊಂದರೆಯಲ್ಲ. ಮಾನವ ಜೀನುಗಳ ಹೆಸರುಗಳನ್ನು ನಿರ್ಧರಿಸುವ ಸಮಿತಿಯು 2020ರಲ್ಲಿ SEPT1, MARCH1 ಮೊದಲಾದ ಹೆಸರುಗಳನ್ನು ಬದಲಿಸಿದ್ದಕ್ಕೆ ಎಕ್ಸೆಲ್ ಅವುಗಳನ್ನು ತಿಂಗಳ ಹೆಸರಾಗಿ ಓದುತ್ತಿದ್ದುದೂ ಒಂದು ಕಾರಣ. 2023ರ ನಂತರದ ಎಕ್ಸೆಲ್ ಆವೃತ್ತಿಗಳಲ್ಲಿ ಇಂತಹ ಪರಿವರ್ತನೆಗಳನ್ನು ತಡೆಯುವ ಆಯ್ಕೆ ಇದೆಯಾದರೂ ಅದು ಬಳಸುವವರ ಗಣಕಕ್ಕೆ ಸೇರಿದ್ದು, ಕಡತದೊಡನೆ ಸಾಗುವುದಿಲ್ಲ. ದೋಷವನ್ನು ಗುರುತಿಸುವ ಸುಲಭ ಮಾರ್ಗವೊಂದಿದೆ: ಬೇರೆ ಜೋಡಣೆ ಮಾಡದಿದ್ದರೆ ಎಕ್ಸೆಲ್‌ನಲ್ಲಿ ಪಠ್ಯ ಕೋಶದ ಎಡಕ್ಕೂ ಸಂಖ್ಯೆ ಮತ್ತು ದಿನಾಂಕಗಳು ಬಲಕ್ಕೂ ನಿಲ್ಲುತ್ತವೆ. ಕ್ರಮಾಂಕದ ಅಂಕಣದಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ನಿಂತಿದ್ದರೆ ಪರಿವರ್ತನೆ ನಡೆದಿದೆಯೆಂದೇ ತಿಳಿಯಬೇಕು. 11-4 ದಿನಾಂಕವಾಗುತ್ತದೆ, 11-45 ಪಠ್ಯವಾಗಿಯೇ ಉಳಿಯಬಹುದು ಅಥವಾ ಬೇರೆಯೇ ತಿಂಗಳಾಗಬಹುದು. ಆದ್ದರಿಂದ ಹಾನಿ ಎಲ್ಲ ಸಾಲುಗಳಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ.

ಎರಡನೆಯ ದೋಷ ಹಾಳೆ ಮತ್ತು ಬಣ್ಣಗಳದ್ದು. ಎಕ್ಸೆಲ್‌ನಿಂದ ಸಿಎಸ್‌ವಿಗೆ ಉಳಿಸುವಾಗ ತೆರೆದಿರುವ ಒಂದು ಹಾಳೆ ಮಾತ್ರ ಹೊರಬರುತ್ತದೆ. ಉಳಿದ ಮೂರು ತಾಲ್ಲೂಕುಗಳು ಬಿಟ್ಟುಹೋಗುತ್ತವೆ. ತಾಲ್ಲೂಕಿನ ಹೆಸರು ಹಾಳೆಯ ತಲೆಗೆ ಮಾತ್ರ ಇದ್ದು ಸಾಲುಗಳಲ್ಲಿ ಇಲ್ಲದಿದ್ದರೆ, ಹೊರಬಂದ ಸಾಲುಗಳು ಯಾವ ತಾಲ್ಲೂಕಿನವು ಎಂಬುದೂ ತಿಳಿಯದು. ಎಣಿಕೆ ಪ್ರತಿ ತಾಲ್ಲೂಕಿಗೂ ಒಂದರಿಂದಲೇ ಆರಂಭವಾಗುವುದರಿಂದ ಕ್ರಮಾಂಕದಿಂದ ಅದನ್ನು ಊಹಿಸಲೂ ಆಗದು. ಹಳದಿ ಬಣ್ಣವಂತೂ ಸಿಎಸ್‌ವಿಗಾಗಲಿ ಪಾರ್ಕೆಗಾಗಲಿ ದಾಟುವುದೇ ಇಲ್ಲ. 'ಪಾಠ ಸಂದಿಗ್ಧ' ಎಂಬ ತೀರ್ಮಾನ ಅಲ್ಲಿಗೆ ಅಳಿದು, ಸಂದೇಹದ ಪಾಠ ನಿಶ್ಚಿತ ಪಾಠವಾಗಿ ಮುಂದಿನ ಓದುಗರ ಕೈಸೇರುತ್ತದೆ.

ಸಿಎಸ್‌ವಿ: ಸರಳತೆಯ ಬೆಲೆ

ಸಿಎಸ್‌ವಿ ಎಂದರೆ ಅಲ್ಪವಿರಾಮದಿಂದ ಬೇರ್ಪಟ್ಟ ಮೌಲ್ಯಗಳ ಬರಿಯ ಪಠ್ಯ. ಯಾವುದೇ ಪಠ್ಯ ಸಂಪಾದಕದಲ್ಲಿ ಅದನ್ನು ಕಣ್ಣಿನಿಂದಲೇ ಓದಬಹುದು. ಕಡತದ ನಡುವೆ ಒಂದು ಸಾಲು ಕೆಟ್ಟರೂ ಸಾಮಾನ್ಯವಾಗಿ ಉಳಿದ ಸಾಲುಗಳು ದಕ್ಕುತ್ತವೆ. ದೀರ್ಘಕಾಲದ ಸಂಗ್ರಹಕ್ಕೆ ಇದಕ್ಕಿಂತ ದೊಡ್ಡ ಗುಣ ಬೇರೊಂದಿಲ್ಲ. ಆದರೆ ಸಿಎಸ್‌ವಿ ತನ್ನ ಬಗ್ಗೆ ತಾನು ಏನನ್ನೂ ಹೇಳುವುದಿಲ್ಲ. ಅಕ್ಷರಗಳು ಯಾವ ಸಂಕೇತನದಲ್ಲಿವೆ, ಯಾವ ಅಂಕಣ ಸಂಖ್ಯೆ, ಯಾವುದು ಪಠ್ಯ, ಖಾಲಿ ಜಾಗದ ಅರ್ಥ 'ಇಲ್ಲ' ಎಂದೋ 'ತಿಳಿಯದು' ಎಂದೋ ಎಂಬುದೆಲ್ಲ ಕಡತದ ಹೊರಗೆ ದಾಖಲಾಗಬೇಕು.

ಕನ್ನಡದ ಸಂದರ್ಭದಲ್ಲಿ ಮೊದಲ ತೊಡಕು ಸಂಕೇತನದ್ದು. ಯುಟಿಎಫ್-8ರಲ್ಲಿ ಬರೆದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕೆಲವೊಮ್ಮೆ 'ಚಂದ್ರವಳ್ಳಿ' ಎಂಬ ಹೆಸರು `à²šà²‚` ಎಂದು ಆರಂಭವಾಗುವ ಲಿಪಿಗೊಂದಲವಾಗಿ ಕಾಣುತ್ತದೆ. ಈ ಹಂತದಲ್ಲಿ ಕಡತ ಕೆಟ್ಟಿಲ್ಲ. ಓದುವ ರೀತಿ ತಪ್ಪಾಗಿದೆ ಅಷ್ಟೆ. ಆದರೆ ಆ ಗೊಂದಲವನ್ನೇ ಮತ್ತೆ ಉಳಿಸಿದರೆ ಕಡತ ನಿಜವಾಗಿಯೂ ಕೆಡುತ್ತದೆ. ಎಕ್ಸೆಲ್‌ನ `CSV UTF-8` ಆಯ್ಕೆಯಿಂದ ಉಳಿಸಿದ ಕಡತದ ಆರಂಭದಲ್ಲಿ ಸಂಕೇತನ ಸೂಚಿಸುವ ಮೂರು ಬೈಟುಗಳ ಗುರುತು ಇರುವುದರಿಂದ ಈ ತೊಂದರೆ ತಪ್ಪುತ್ತದೆ. ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರ ಸಂಕೇತನಗಳಲ್ಲಿರುವ ಹಳೆಯ ಕೋಷ್ಟಕಗಳನ್ನು ಸಂಗ್ರಹಕ್ಕೆ ಸೇರಿಸುವ ಮೊದಲೇ ಪರಿವರ್ತಿಸಿ, ಮುದ್ರಿತ ಪುಟದೊಡನೆ ಹೋಲಿಸಿ ನೋಡುವುದು ಅಗತ್ಯ.

ಇನ್ನೊಂದು ತೊಡಕು ಮೂರೂ ಬಗೆಯ ಕಡತಗಳಿಗೆ ಸಮಾನವಾದುದು. ಹೊಸದುರ್ಗ, ಹೊಳಲ್ಕೆರೆ ಎಂಬ ಹೆಸರುಗಳ 'ಹೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ (U+0CCA) ಎರಡು ಸಂಕೇತಗಳ ಜೋಡಿಯಾಗಿಯೂ (U+0CC6, U+0CC2) ಬರೆಯಲು ಸಾಧ್ಯ. ಪರದೆಯ ಮೇಲೆ ಎರಡೂ ಒಂದೇ. ಎಣಿಸುವಾಗ ಮಾತ್ರ ಹೊಸದುರ್ಗ ಎರಡು ತಾಲ್ಲೂಕುಗಳಾಗಿ ಕಾಣಿಸಿಕೊಳ್ಳುತ್ತದೆ. ತಾಲ್ಲೂಕುಗಳ ಪಟ್ಟಿಯಲ್ಲಿ ನಾಲ್ಕರ ಬದಲು ಐದೋ ಆರೋ ಬಂದರೆ ಕಾರಣ ಇದಾಗಿರಬಹುದು. ಸಂಗ್ರಹಕ್ಕೆ ಮುನ್ನ ಎಲ್ಲ ಪಠ್ಯವನ್ನೂ `NFC` ಎಂಬ ಏಕರೂಪಕ್ಕೆ ತರುವುದೇ ಇದಕ್ಕೆ ಪರಿಹಾರ.

ಪಾರ್ಕೆಯ ಸ್ಥಾನ

ಪಾರ್ಕೆ (.parquet) 2013ರಲ್ಲಿ ಹೊರಬಂದ ಮುಕ್ತ ಸ್ವರೂಪ, ಟ್ವಿಟರ್ ಮತ್ತು ಕ್ಲೌಡೆರಾ ಸಂಸ್ಥೆಗಳ ತಂತ್ರಜ್ಞರು ಅದನ್ನು ರೂಪಿಸಿದರು. ಇದು ಮಾಹಿತಿಯನ್ನು ಅಡ್ಡಸಾಲುಗಳ ಬದಲು ಅಂಕಣಗಳಾಗಿ ಕೂಡಿಡುತ್ತದೆ. ಒಂದೇ ತಾಲ್ಲೂಕಿನ ಹೆಸರು ಸಾವಿರಾರು ಸಲ ಬಂದರೆ ಅದು ಬಹಳ ಕಡಿಮೆ ಜಾಗದಲ್ಲಿ ಅಡಗುತ್ತದೆ. ಪ್ರತಿ ಅಂಕಣ ಪಠ್ಯವೋ ಸಂಖ್ಯೆಯೋ ಎಂಬುದು ಕಡತದಲ್ಲೇ ದಾಖಲಾಗಿರುತ್ತದೆ. ಖಾಲಿ ಪಠ್ಯಕ್ಕೂ ಗೈರುಹಾಜರಿಗೂ ಭೇದವಿರುತ್ತದೆ. ಪಠ್ಯವೆಂದು ಘೋಷಿಸಿದ ಅಂಕಣದಲ್ಲಿ 11-4 ಎಂಬುದು 11-4 ಆಗಿಯೇ ಇರುತ್ತದೆ.

ಹಾಗಿದ್ದರೂ ಒಂದು ಜಿಲ್ಲೆಯ ಶಾಸನಪಟ್ಟಿಗೆ ಪಾರ್ಕೆಯೊಂದೇ ಆಧಾರವಾಗಬಾರದು. ಅದನ್ನು ಬರಿಗಣ್ಣಿನಿಂದ ಓದಲಾಗದು. ತಕ್ಕ ತಂತ್ರಾಂಶ ಬೇಕು. ಅಂಕಣಗಳ ವಿವರ ಕಡತದ ಕೊನೆಯಲ್ಲಿರುವುದರಿಂದ, ನಕಲು ಮಾಡುವಾಗ ಬಾಲ ಕತ್ತರಿಸಿಹೋದರೆ ಸಾಮಾನ್ಯ ತಂತ್ರಾಂಶಗಳಿಗೆ ಇಡೀ ಕಡತವೇ ಓದಲಾಗದ್ದಾಗುತ್ತದೆ. ಸಾಮಾನ್ಯ ಪಾರ್ಕೆ ಕಡತದ ಮೊದಲ ಮತ್ತು ಕೊನೆಯ ನಾಲ್ಕು ಬೈಟುಗಳು `PAR1` ಎಂದಿರಬೇಕು. ಕೊನೆಯಲ್ಲಿ ಅದಿಲ್ಲದಿದ್ದರೆ ಕಡತ ಪೂರ್ಣವಾಗಿ ತಲುಪಿಲ್ಲ. ಇದಕ್ಕಿಂತ ಸೂಕ್ಷ್ಮವಾದ ನಷ್ಟ ಪರಿವರ್ತನೆಯಲ್ಲಿದೆ. ಕಾಲದ ಅಂಕಣವನ್ನು ಪೂರ್ಣಾಂಕವೆಂದು ಘೋಷಿಸಿ, ಹೊಂದದ ಮೌಲ್ಯಗಳನ್ನು ಕೈಬಿಡುವಂತೆ ತಂತ್ರಾಂಶಕ್ಕೆ ಸೂಚಿಸಿದರೆ 'ಸು. 1100', '4ನೆಯ ಶತಮಾನ' ಎಂಬ ಬರಹಗಳೆಲ್ಲ ಗೈರುಹಾಜರಿಯಾಗುತ್ತವೆ. ಚಂದ್ರವಳ್ಳಿಯ ಶಾಸನ ಕಾಲವಿಲ್ಲದ ಶಾಸನವಾಗಿಬಿಡುತ್ತದೆ.

ಪಾರ್ಕೆಯ ಪ್ರಯೋಜನ ಗಾತ್ರದಲ್ಲಿದೆ. ನಾಡಿನ ಎಲ್ಲ ಶಾಸನಗಳ ಪದಗಳನ್ನೂ ಸಾಲುವಾರು ಬಿಡಿಸಿ ಪದಕೋಶ ಮಾಡಿದರೆ ಸಾಲುಗಳು ಹತ್ತಾರು ಲಕ್ಷ ಮುಟ್ಟಬಹುದು. ಎಕ್ಸೆಲ್‌ನ ಹಾಳೆ 10,48,576 ಸಾಲುಗಳಿಗೆ ನಿಲ್ಲುತ್ತದೆ, ಹಳೆಯ.xls ಹಾಳೆಯ ಮಿತಿ 65,536. 2020ರಲ್ಲಿ ಇಂಗ್ಲೆಂಡಿನ ಸುಮಾರು 16,000 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋದದ್ದು ಈ ಹಳೆಯ ಮಿತಿಯಿಂದಲೇ. ಅಂತಹ ಗಾತ್ರದಲ್ಲಿ ಹುಡುಕಾಟ, ಎಣಿಕೆಗಳಿಗೆ ಪಾರ್ಕೆ ತಕ್ಕುದು. ಕೆಲವು ನೂರು ಸಾಲುಗಳ ಪಟ್ಟಿಗೆ ಅದರಿಂದ ಉಳಿಯುವ ಜಾಗ ಗಣನೆಗೆ ಬಾರದು.

ಒಂದು ಸಾಲಿನ ರಚನೆ

ಮೇಲಿನ ನಾಲ್ಕು ಹಾಳೆಗಳನ್ನು ಒಂದೇ ಕೋಷ್ಟಕವಾಗಿಸಿದಾಗ ಚಂದ್ರವಳ್ಳಿಯ ಸಾಲು ಹೀಗಿರಬಹುದು:

```
id,taluku,sthala,kala_mula,kala_adi,kala_antya,patha
CT_0001,ಚಿತ್ರದುರ್ಗ,"ಚಂದ್ರವಳ್ಳಿ, ಭೈರವೇಶ್ವರ ಗುಡಿ",4ನೆಯ ಶತಮಾನ,301,400,ಸಂದಿಗ್ಧ
```

ಇಲ್ಲಿ ತಾಲ್ಲೂಕು ಹಾಳೆಯ ತಲೆಯಿಂದ ಸಾಲಿನೊಳಕ್ಕೆ ಬಂದಿದೆ. ಹಳದಿ ಬಣ್ಣ 'ಸಂದಿಗ್ಧ' ಎಂಬ ಮಾತಾಗಿದೆ. ಸ್ಥಳದ ಹೆಸರಿನೊಳಗಿನ ಅಲ್ಪವಿರಾಮ ಅಂಕಣವನ್ನು ಒಡೆಯದಂತೆ ಉದ್ಧರಣ ಚಿಹ್ನೆ ಕಾಯುತ್ತದೆ. ಆದರೆ ಉದ್ಧರಣ ಚಿಹ್ನೆ "11-4" ಎಂಬುದನ್ನು ಎಕ್ಸೆಲ್‌ನ ದಿನಾಂಕ ಪರಿವರ್ತನೆಯಿಂದ ಕಾಯಲಾರದು. ಆದ್ದರಿಂದಲೇ ಗುರುತು ಅಕ್ಷರದಿಂದ ಆರಂಭವಾಗಿದೆ. ಕಾಲವನ್ನು ಮೂರು ಅಂಕಣಗಳಾಗಿ ಬಿಡಿಸಲಾಗಿದೆ: ಮೊದಲನೆಯದು ಆಕರದಲ್ಲಿರುವ ಮಾತು, ಉಳಿದೆರಡು ಗಣಕ ಹೋಲಿಸಬಲ್ಲ ಮೇರೆಗಳು. ಮುದ್ರಿತ ಸಂಪುಟದಿಂದ ಬಂದ ಸಾಲುಗಳಿಗೆ ಆವೃತ್ತಿ, ಸಂಪುಟ, ಕ್ರಮಾಂಕಗಳೆಂಬ ಪ್ರತ್ಯೇಕ ಅಂಕಣಗಳೂ ಬೇಕು. ಏಕೆಂದರೆ ಮೈಸೂರಿನಿಂದ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ರೈಸ್ ಅವರ ಹಲವು ಸಂಪುಟಗಳ ಸಂಖ್ಯೆಗಳು ಬದಲಾಗಿವೆ.

ಇಂತಹ ಸಿಎಸ್‌ವಿಯೇ ಮೂಲಪ್ರತಿಯಾಗಿ ಉಳಿಯಬೇಕು. ಅದರ ಜೊತೆಗೆ ಸಂಕೇತನ, ಪ್ರತಿ ಅಂಕಣದ ಅರ್ಥ, ಖಾಲಿ ಜಾಗದ ಅರ್ಥ ಮತ್ತು ಒಟ್ಟು ಸಾಲುಗಳ ಸಂಖ್ಯೆಯನ್ನು ಹೇಳುವ ಒಂದು ಪುಟದ ಪಠ್ಯಕಡತವೂ, `sha256sum` ಆದೇಶ ನೀಡುವ ಮೊತ್ತಗುರುತೂ ಇರಬೇಕು. ಒಂದು ಬೈಟು ಬದಲಾದರೂ ಆ ಗುರುತು ಬೇರೆಯಾಗುತ್ತದೆ. ಎಕ್ಸೆಲ್ ತಿದ್ದುಪಡಿಯ ಮೇಜಿನಲ್ಲಿರಲಿ. ಮೂಲಪ್ರತಿಯನ್ನು ಅದರಲ್ಲಿ ನೇರವಾಗಿ ತೆರೆಯದೆ, ಎಲ್ಲ ಅಂಕಣಗಳನ್ನೂ ಪಠ್ಯವೆಂದು ಸೂಚಿಸಿ ನಕಲನ್ನು ಆಮದು ಮಾಡಿಕೊಳ್ಳಬೇಕು. ಪಾರ್ಕೆ ಬೇಕಾದಾಗ ಮೂಲಪ್ರತಿಯಿಂದ ಮತ್ತೆ ತಯಾರಿಸಬಹುದು. ಕಾಲದ ಅಂಕಣದಿಂದ ಒಮ್ಮೆ ಕಳೆದುಹೋದ 'ಸುಮಾರು' ಎಂಬ ಮಾತನ್ನಾದರೋ ಯಾವ ಕಡತದಿಂದಲೂ ಮರಳಿ ಪಡೆಯಲಾಗದು; ಅದಕ್ಕಾಗಿ ಮತ್ತೆ ಮುದ್ರಿತ ಸಂಪುಟಕ್ಕೆ, ಕೊನೆಗೆ ಸವೆಯುತ್ತಿರುವ ಬಂಡೆಗೇ ಹೋಗಬೇಕಾಗುತ್ತದೆ.