ಇಡಿ ಅಕ್ಕಿಗೆಷ್ಟು, ನುಚ್ಚಿಗೆಷ್ಟು ಅಸಲು?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲಿಗೆ ಒಂದು ಲೋಡ್ ಸೋನಾ ಮಸೂರಿ ಭತ್ತ ಬಂದರೆ ಅದಕ್ಕೆ ಒಂದೇ ದರ. ಮಿಲ್ಲಿನಿಂದ ಹೊರಗೆ ಹೋಗುವಾಗ ಅದೇ ಮಾಲಿಗೆ ನಾಲ್ಕೈದು ದರ. ಇಡಿ ಅಕ್ಕಿ ಊಟಕ್ಕೆ ಹೋಗುತ್ತದೆ. ದಪ್ಪ ನುಚ್ಚು ಹೋಟೆಲ್ಲಿಗೆ, ಇಡ್ಲಿ-ದೋಸೆಗೆ. ಸಣ್ಣ ನುಚ್ಚು ಹಿಟ್ಟಿಗೆ, ಕೋಳಿ ಆಹಾರಕ್ಕೆ. ತೌಡು ಎಣ್ಣೆ ತೆಗೆಯುವವರ ಪಾಲು, ಹೊಟ್ಟು ಬಾಯ್ಲರ್‌ಗೆ. ಹಾಗಾದರೆ ಒಂದು ಕಿಲೋ ಸಣ್ಣ ನುಚ್ಚಿನ ಅಸಲು ಎಷ್ಟು?

ಇದಕ್ಕೆ ಉತ್ತರ ಭತ್ತದ ಬಿಲ್ಲಿನಲ್ಲಿ ಸಿಗುವುದಿಲ್ಲ. ನುಚ್ಚಿಗೆಂದು ಬೇರೆ ಭತ್ತವನ್ನು ಯಾರೂ ಕೊಂಡಿಲ್ಲ, ನುಚ್ಚಿಗೆಂದು ಬೇರೆ ಕರೆಂಟನ್ನು ಉರಿಸಿಲ್ಲ. ಶೆಲ್ಲರ್‌ನಲ್ಲಿ ಹೊಟ್ಟು ಬಿಡಿಸಿ, ಪಾಲಿಶರ್‌ನಲ್ಲಿ ತೌಡು ತೆಗೆದು, ಗ್ರೇಡರ್‌ನಲ್ಲಿ ಮುರಿದದ್ದನ್ನು ಬೇರ್ಪಡಿಸುವ ತನಕ ಎಲ್ಲವೂ ಒಂದೇ ರಾಶಿ. ಅಲ್ಲಿಯವರೆಗಿನ ಖರ್ಚು ಎಲ್ಲ ದರ್ಜೆಗಳಿಗೂ ಸೇರಿದ ಜಂಟಿ ವೆಚ್ಚ. ಅದನ್ನು ದರ್ಜೆಗಳ ನಡುವೆ ಹಂಚಲೇಬೇಕು. ಹಂಚುವ ದಾರಿಗಳಲ್ಲಿ ಭಾರಿತ ಘಟಕ ವಿಧಾನ ಒಂದು. ಒಂದೊಂದು ದರ್ಜೆಗೂ ಅದರ ಯೋಗ್ಯತೆಗೆ ತಕ್ಕ ಅಂಕ ಕೊಡುವುದು, ಕ್ವಿಂಟಲ್‌ಗಳನ್ನು ಆ ಅಂಕದಿಂದ ಗುಣಿಸುವುದು, ಬಂದ ಒಟ್ಟು ಅಂಕಗಳ ಮೇಲೆ ಖರ್ಚನ್ನು ಹರಡುವುದು. ಇಷ್ಟೇ.

ಒಂದು ಲೆಕ್ಕ ಮಾಡಿ ನೋಡೋಣ. ದರಗಳೆಲ್ಲ ಉದಾಹರಣೆಗಾಗಿ ಹಿಡಿದವು. ಇಳುವರಿ ಮಾತ್ರ ಹದವಾದ ಭತ್ತ ಕೊಡುವ ಇಳುವರಿಗೆ ಹತ್ತಿರವೇ ಇದೆ. 100 ಕ್ವಿಂಟಲ್ ಭತ್ತ, ಕ್ವಿಂಟಲ್‌ಗೆ 2,500 ರೂಪಾಯಿಯಂತೆ ಎರಡೂವರೆ ಲಕ್ಷ. ಹಮಾಲಿ, ಕರೆಂಟು, ಕೂಲಿ, ಯಂತ್ರದ ಸವೆತ ಸೇರಿ 18,000. ಒಟ್ಟು 2,68,000 ರೂಪಾಯಿ. ಗಿರಣಿಯಿಂದ ಹೊರಬಿದ್ದದ್ದು 52 ಕ್ವಿಂಟಲ್ ಇಡಿ ಅಕ್ಕಿ, 10 ಕ್ವಿಂಟಲ್ ದಪ್ಪ ನುಚ್ಚು, 5 ಕ್ವಿಂಟಲ್ ಸಣ್ಣ ನುಚ್ಚು, 8 ಕ್ವಿಂಟಲ್ ತೌಡು, 20 ಕ್ವಿಂಟಲ್ ಹೊಟ್ಟು. ಉಳಿದ 5 ಕ್ವಿಂಟಲ್ ಕಲ್ಲು, ದೂಳು, ತೇವದ ರೂಪದಲ್ಲಿ ಹೋಯಿತು.

ಮೊದಲು ತೌಡು, ಹೊಟ್ಟನ್ನು ಬದಿಗಿಡಬೇಕು. ಅವುಗಳಿಗಾಗಿ ಯಾರೂ ಮಿಲ್ ನಡೆಸುವುದಿಲ್ಲ, ಅವು ಉಪ ಉತ್ಪನ್ನಗಳು. ಅವುಗಳಿಗೆ ಅಂಕ ಕೊಡದೆ, ಮಾರಿದರೆ ಬರುವ ಹಣವನ್ನು ಖರ್ಚಿನಿಂದ ಕಳೆಯುವುದೇ ರೂಢಿ. ತೌಡಿಗೆ 16,000, ಹೊಟ್ಟಿಗೆ 6,000 ಎಂದರೆ ಉಳಿಯುವ ಹೊರೆ 2,46,000 ರೂಪಾಯಿ. ಹೊಟ್ಟನ್ನು ಮಾರದೆ ತನ್ನ ಬಾಯ್ಲರ್‌ನಲ್ಲೇ ಉರಿಸುವ ಮಿಲ್ಲಿನವರೂ ಅದರ ಬೆಲೆಯನ್ನು ಇಲ್ಲಿ ಕಳೆದು ಬಾಯ್ಲರ್ ಖರ್ಚಿಗೆ ಸೇರಿಸಬೇಕು. ಇಲ್ಲದಿದ್ದರೆ ಪುಕ್ಕಟೆ ಉರುವಲು ಸಿಕ್ಕಂತೆ ಲೆಕ್ಕ ತೋರುತ್ತದೆ.

ಈಗ ಈ 2,46,000 ರೂಪಾಯಿಯನ್ನು 67 ಕ್ವಿಂಟಲ್‌ಗೆ ಸಮನಾಗಿ ಹಂಚಿದರೆ ಕಿಲೋಗೆ 36 ರೂಪಾಯಿ 72 ಪೈಸೆ ಆಗುತ್ತದೆ. ಪೇಟೆಯಲ್ಲಿ ಇಡಿ ಅಕ್ಕಿಗೆ 44, ದಪ್ಪ ನುಚ್ಚಿಗೆ 30, ಸಣ್ಣ ನುಚ್ಚಿಗೆ 22 ರೂಪಾಯಿ ಇದೆ ಎನ್ನಿ. ಪುಸ್ತಕದ ಪ್ರಕಾರ ಇಡಿ ಅಕ್ಕಿಯಲ್ಲಿ ಏಳು ರೂಪಾಯಿ ಚಿಲ್ಲರೆ ಲಾಭ, ಸಣ್ಣ ನುಚ್ಚಿನಲ್ಲಿ ಕಿಲೋಗೆ ಹದಿನಾಲ್ಕು ರೂಪಾಯಿಗೂ ಮೀರಿದ ನಷ್ಟ. ಆದರೆ ನುಚ್ಚು ನಷ್ಟ ಮಾಡುತ್ತಿದೆ ಎಂದು ನುಚ್ಚು ತೆಗೆಯುವುದನ್ನು ನಿಲ್ಲಿಸಲು ಸಾಧ್ಯವೇ? ಅಕ್ಕಿ ಮಾಡಿದರೆ ನುಚ್ಚು ಆಗಿಯೇ ಆಗುತ್ತದೆ. ಆ ನಷ್ಟ ಇರುವುದು ಹಂಚಿಕೆಯಲ್ಲೇ ಹೊರತು ವ್ಯಾಪಾರದಲ್ಲಲ್ಲ.

ಅಂಕ ಕೊಟ್ಟು ನೋಡೋಣ. ಇಡಿ ಅಕ್ಕಿಗೆ 10, ದಪ್ಪ ನುಚ್ಚಿಗೆ 7, ಸಣ್ಣ ನುಚ್ಚಿಗೆ 5. ಇಡಿ ಅಕ್ಕಿ 52 ಕ್ವಿಂಟಲ್ ಇರುವುದರಿಂದ 520 ಅಂಕ, ದಪ್ಪ ನುಚ್ಚು 70, ಸಣ್ಣದು 25. ಒಟ್ಟು 615. ಖರ್ಚನ್ನು 615ರಿಂದ ಭಾಗಿಸಿದರೆ ಅಂಕಕ್ಕೆ 400 ರೂಪಾಯಿ. ಅಂದರೆ ಇಡಿ ಅಕ್ಕಿ ಕ್ವಿಂಟಲ್‌ಗೆ 4,000, ಕಿಲೋಗೆ 40 ರೂಪಾಯಿ. ದಪ್ಪ ನುಚ್ಚು 28. ಸಣ್ಣ ನುಚ್ಚು 20. ಲಾಭ ಕ್ರಮವಾಗಿ ನಾಲ್ಕು, ಎರಡು, ಎರಡು ರೂಪಾಯಿ. ಮೂರನ್ನೂ ಸೇರಿಸಿದರೆ 23,800. ಸಮನಾಗಿ ಹಂಚಿದ ಲೆಕ್ಕದಲ್ಲೂ ಒಟ್ಟು ಲಾಭ ಇದೇ 23,800. ಅಂಕಗಳಿಂದ ಮಿಲ್ಲಿಗೆ ಒಂದು ರೂಪಾಯಿಯೂ ಹೆಚ್ಚು ಬರಲಿಲ್ಲ.

ಹಾಗಿದ್ದರೆ ಇಷ್ಟೆಲ್ಲ ಯಾಕೆ? ಅದು ತಿಳಿಯಲು ಎರಡನೆಯ ಲೋಡ್ ಬರಬೇಕು.

ಅದೇ ತಳಿ, ಅದೇ ದರ, ಅದೇ 100 ಕ್ವಿಂಟಲ್. ಆದರೆ ಈ ಭತ್ತ ಹೊಲದಲ್ಲಿ ಹದ ಮೀರಿ ನಿಂತಿತ್ತು, ಇಲ್ಲವೇ ಯಂತ್ರದಲ್ಲಿ ಹಸಿಯಾಗಿ ಕೊಯ್ದದ್ದನ್ನು ಡಾಂಬರು ರಸ್ತೆಯ ಮೇಲೆ ಸುಡುಬಿಸಿಲಿಗೆ ಒಣಹಾಕಿ, ರಾತ್ರಿ ಇಬ್ಬನಿಗೆ ಬಿಟ್ಟಿದ್ದರು. ಒಣಗಿದ ಕಾಳು ಮತ್ತೆ ತೇವ ಹೀರಿದಾಗ ಒಳಗೇ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಹೊಟ್ಟಿನೊಳಗಿರುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಕಾಳು ಸುಲಿದು ಬೆಳಕಿಗೆ ಹಿಡಿದರೆ ಅಡ್ಡಗೆರೆ ಕಾಣುತ್ತದೆ, ಪಾಲಿಶರ್‌ನ ಉಜ್ಜಾಟಕ್ಕೆ ಕಾಳು ಆ ಗೆರೆಯಲ್ಲೇ ಮುರಿಯುತ್ತದೆ. ಈ ಲೋಡಿನಿಂದ ಇಡಿ ಅಕ್ಕಿ 44 ಕ್ವಿಂಟಲ್, ದಪ್ಪ ನುಚ್ಚು 15, ಸಣ್ಣ ನುಚ್ಚು 8 ಬಂತು. ಕೂಡಿದರೆ ಮತ್ತೆ 67.

ಸಮ ಹಂಚಿಕೆಯ ಲೆಕ್ಕ ಇಲ್ಲಿ ಕುರುಡು. ಖರ್ಚು ಅಷ್ಟೇ, ತೂಕ ಅಷ್ಟೇ. ಆದ್ದರಿಂದ ಅಸಲು ಮತ್ತೆ 36 ರೂಪಾಯಿ 72 ಪೈಸೆ. ಎರಡು ಲೋಡಿಗೂ ವ್ಯತ್ಯಾಸವೇ ಇಲ್ಲ ಎನ್ನುತ್ತದೆ ಅದು. ಅಂಕದ ಲೆಕ್ಕ ಹಾಗೆನ್ನುವುದಿಲ್ಲ. ಒಟ್ಟು ಅಂಕ 615ರಿಂದ 585ಕ್ಕೆ ಇಳಿದಿದೆ, ಅಂಕದ ಬೆಲೆ 400ರಿಂದ 420 ರೂಪಾಯಿ 51 ಪೈಸೆಗೆ ಏರಿದೆ. ಇಡಿ ಅಕ್ಕಿಯ ಅಸಲು ಕಿಲೋಗೆ 42 ರೂಪಾಯಿ ದಾಟಿತು, ದಪ್ಪ ನುಚ್ಚಿನದು ಇಪ್ಪತ್ತೊಂಬತ್ತೂವರೆಯ ಹತ್ತಿರಕ್ಕೆ, ಸಣ್ಣ ನುಚ್ಚಿನದು 21ಕ್ಕೆ ಬಂತು. ಹಳೆಯ ದರದಲ್ಲೇ ಎಲ್ಲವನ್ನೂ ಮಾರಿದರೆ ಲಾಭ 10,200, ಅಂದರೆ ಮೊದಲಿನ ಅರ್ಧಕ್ಕಿಂತ ಕಡಿಮೆ. ಈ ವಿಧಾನದ ನಿಜವಾದ ಉಪಯೋಗ ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಪ್ರತಿ ಲೋಡಿಗೂ ಅಂಕದ ಬೆಲೆಯೊಂದನ್ನು ಬರೆದಿಟ್ಟುಕೊಂಡು ಬಂದರೆ ಯಾವ ಊರಿನ ಭತ್ತ ಎಷ್ಟು ಬಾಳುತ್ತದೆ ಎಂಬುದು ಆ ಒಂದು ಅಂಕಿಯಲ್ಲೇ ಕಾಣುತ್ತದೆ. ಅಂಕದ ಬೆಲೆ ಎಲ್ಲ ಲೋಡಿನಲ್ಲೂ ಒಟ್ಟಿಗೆ ಏರತೊಡಗಿದರೆ ಮಾತ್ರ ಭತ್ತವನ್ನು ಬಿಟ್ಟು ಪಾಲಿಶರ್ ಕಡೆ ನೋಡಬೇಕು.

ಈ 10, 7, 5 ಎಲ್ಲಿಂದ ಬಂದವು ಎಂದು ಓದುಗರು ಕೇಳಬೇಕು, ಕೇಳುವುದು ನ್ಯಾಯ. ಕೆಲವು ಉದ್ಯಮಗಳಲ್ಲಿ ಒಂದು ದರ್ಜೆಗೆ ಹೆಚ್ಚು ಹೊತ್ತು, ಹೆಚ್ಚು ಕೆಲಸ ಹಿಡಿಯುತ್ತದೆ. ಅಲ್ಲಿ ಅಂಕ ಶ್ರಮವನ್ನು ಅನುಸರಿಸುತ್ತದೆ. ಅಕ್ಕಿಯಲ್ಲಿ, ಚಹಾದಲ್ಲಿ ಹಾಗಿಲ್ಲ. ಇಡಿ ಕಾಳಿಗೂ ನುಚ್ಚಿಗೂ ಬಿದ್ದ ಶ್ರಮ ಒಂದೇ, ಎಲೆ ಚಹಾಕ್ಕೂ ಡಸ್ಟ್ ಚಹಾಕ್ಕೂ ಅಷ್ಟೆ. ಆದ್ದರಿಂದ ಇಲ್ಲಿ ಅಂಕಕ್ಕೆ ಆಧಾರ ಪೇಟೆಯ ಬೆಲೆಗಳ ಅನುಪಾತ, ಅದೂ ಇವತ್ತಿನ ಬೆಲೆಯಲ್ಲ, ಎರಡು ಮೂರು ಹಂಗಾಮಿನ ಸರಾಸರಿ. ಇವತ್ತಿನ ಬೆಲೆಯನ್ನೇ ಅಂಕವಾಗಿ ಹಿಡಿದರೆ ಎಲ್ಲ ದರ್ಜೆಗಳಲ್ಲೂ ನೂರಕ್ಕೆ ಇಷ್ಟು ಎಂದು ಒಂದೇ ಪ್ರಮಾಣದ ಲಾಭ ಬರುತ್ತದೆ. ಪೇಟೆ ಹೇಳಿದ್ದನ್ನೇ ಲೆಕ್ಕವೂ ಹೇಳಿದರೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ದರ್ಜೆಗಳಿಗೆ ಹೀಗೆ ಅಂಕ ಕೊಡುವುದು ಕರ್ನಾಟಕಕ್ಕೆ ಹೊಸದಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿದ್ದುದರಿಂದ ದರ್ಜೆ ನೋಡಿ ಪಾಯಿಂಟ್ ಕಟ್ಟುತ್ತಿದ್ದರು, ಪಾಯಿಂಟಿಗೆ ಇಷ್ಟು ರೂಪಾಯಿ ಎಂದು ಕಂತುಗಳಲ್ಲಿ ಹಣ ಬರುತ್ತಿತ್ತು. ಮಿಲ್ಲಿನಲ್ಲಿ ಹಂಚುವುದು ಖರ್ಚು, ಅಲ್ಲಿ ಹಂಚಿದ್ದು ಆದಾಯ. ಗಣಿತ ಒಂದೇ. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಆ ವ್ಯವಸ್ಥೆ ಮುಗಿಯಿತು.

ಅಂಕಗಳಿಗೆ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು. ಎಥನಾಲ್ ಕಾರ್ಖಾನೆಗಳು ನುಚ್ಚು ಕೊಳ್ಳತೊಡಗಿದರೆ ಬೆಲೆ ಏರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಾಡಿದಂತೆ ನುಚ್ಚಕ್ಕಿಯ ರಫ್ತು ನಿಲ್ಲಿಸಿದರೆ ಪೇಟೆ ಇನ್ನೊಂದು ದಿಕ್ಕಿಗೆ ವಾಲುತ್ತದೆ. ಒಂದು ದರ್ಜೆ ವರ್ಷವಿಡೀ ನಷ್ಟ ತೋರಿಸುತ್ತಾ ಉಳಿದವು ಲಾಭ ತೋರಿಸುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಂಕವನ್ನು. ಸಣ್ಣ ನುಚ್ಚಿನ ಅಂಕವನ್ನು 5ರಿಂದ 6ಕ್ಕೆ ಏರಿಸಿದರೆ ಮೊದಲ ಲೋಡಿನಲ್ಲಿ ಅದರ ಅಸಲು 24ರ ಸಮೀಪಕ್ಕೆ ಬರುತ್ತದೆ, ಇಡಿ ಅಕ್ಕಿಯದು 40ರಿಂದ ತುಸು ಕೆಳಗಿಳಿಯುತ್ತದೆ. ಒಬ್ಬರ ಹೊರೆ ಹೆಚ್ಚಿದರೆ ಇನ್ನೊಬ್ಬರದು ಇಳಿಯಲೇಬೇಕು. ಈ ತಿದ್ದುಪಡಿಯನ್ನು ಏಪ್ರಿಲ್ ಒಂದಕ್ಕೆ ಮಾಡಬೇಕೇ ಹೊರತು ಹಂಗಾಮಿನ ನಡುವೆ ಅಲ್ಲ. ನಡುವೆ ಬದಲಿಸಿದರೆ ಅಂಕದ ಬೆಲೆ ಏರಿದ್ದು ಭತ್ತದಿಂದಲೋ ತಿದ್ದುಪಡಿಯಿಂದಲೋ ಗೊತ್ತಾಗುವುದಿಲ್ಲ.

ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಉಳಿದ ಮಾಲಿಗೆ ಬೆಲೆ ಕಟ್ಟುವಾಗಲೂ ಇದೇ ಅಸಲು ಬೇಕು. ಜಂಟಿ ವೆಚ್ಚವನ್ನು ತರ್ಕಬದ್ಧವಾಗಿ, ವರ್ಷದಿಂದ ವರ್ಷಕ್ಕೆ ಒಂದೇ ರೀತಿಯಲ್ಲಿ ಹಂಚಬೇಕು ಎಂಬುದು ದಾಸ್ತಾನಿನ ಲೆಕ್ಕಪತ್ರ ಮಾನದಂಡ. ಐದು ಕ್ವಿಂಟಲ್ ಸಣ್ಣ ನುಚ್ಚು ಉಳಿದಿದ್ದರೆ ಸಮ ಹಂಚಿಕೆಯಲ್ಲಿ ಅದರ ಅಸಲು 18,360, ಪೇಟೆಗೆ ಒಯ್ದರೆ ಸಿಗುವುದು 11,000. ಅಂಕದ ಲೆಕ್ಕದಲ್ಲಿ ಅಸಲು 10,000.

ಗ್ರೇಡರ್ ದಾಟಿದ ಮೇಲಿನ ಖರ್ಚನ್ನು ಮಾತ್ರ ಈ ರಾಶಿಗೆ ಸೇರಿಸಬಾರದು. ಇಡಿ ಅಕ್ಕಿಯನ್ನಷ್ಟೇ ಸಾರ್ಟೆಕ್ಸ್‌ಗೆ ಹಾಕಿ ಬಣ್ಣಗೆಟ್ಟ ಕಾಳು ತೆಗೆಸಿದರೆ, ಹೆಸರು ಮುದ್ರಿಸಿದ 25 ಕಿಲೋ ಚೀಲಕ್ಕೆ ತುಂಬಿದರೆ ಆ ಖರ್ಚು ಇಡಿ ಅಕ್ಕಿಯದೇ. ಅದನ್ನು ಜಂಟಿ ವೆಚ್ಚಕ್ಕೆ ಸುರಿದರೆ ಹಳೆಯ ಗೋಣಿಯಲ್ಲಿ ಹೋಗುವ ನುಚ್ಚು ಕೂಡ ಬಣ್ಣದ ಚೀಲದ ಪಾಲು ತೆರುತ್ತದೆ.

ಬೇರ್ಪಟ್ಟ ಮೇಲೆ ಏನು ಮಾಡಬೇಕು ಎಂದು ತೀರ್ಮಾನಿಸುವಾಗ ಹಂಚಿಕೆಯ ಅಸಲನ್ನೇ ನೋಡಬಾರದು, ಅದು ಅಂಕದಿಂದ ಬಂದದ್ದಾದರೂ ಸರಿ. 22 ರೂಪಾಯಿಗೆ ಹೋಗುವ ಸಣ್ಣ ನುಚ್ಚನ್ನು ಹಿಟ್ಟು ಮಾಡಿಸಿದರೆ 30 ರೂಪಾಯಿ ಸಿಗುತ್ತದೆ, ಬೀಸಲು ಮತ್ತು ಪ್ಯಾಕ್ ಮಾಡಲು ಕಿಲೋಗೆ 5 ರೂಪಾಯಿ ತಗಲುತ್ತದೆ ಎನ್ನಿ. ಸಮ ಹಂಚಿಕೆಯವರು 36.72ಕ್ಕೆ 5 ಕೂಡಿಸಿ, 41 ರೂಪಾಯಿ ಮೀರಿದ ಹಿಟ್ಟನ್ನು 30ಕ್ಕೆ ಮಾರುವುದೇ ಎಂದು ಕೈಬಿಡುತ್ತಾರೆ. ಆದರೆ ಭತ್ತದ ಹಣ ಆಗಲೇ ಖರ್ಚಾಗಿದೆ, ಹಿಟ್ಟು ಮಾಡಿದರೂ ಬಿಟ್ಟರೂ ಅದು ಬದಲಾಗುವುದಿಲ್ಲ. ಕೂಡಬೇಕಾದದ್ದು ಹೆಚ್ಚಾಗಿ ಬರುವ 8 ರೂಪಾಯಿ, ಕಳೆಯಬೇಕಾದದ್ದು ಹೆಚ್ಚಾಗಿ ಹೋಗುವ 5 ರೂಪಾಯಿ. ಐದು ಕ್ವಿಂಟಲ್‌ಗೆ 1,500 ರೂಪಾಯಿ ಉಳಿಯುತ್ತದೆ, ಹಿಟ್ಟು ಮಾಡಿಸಬಹುದು.